‘ಸೋಮವಾರ ನೋಡೋಣ’ ಎಂದವರಿಗೆ ಒಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲೆಯಲ್ಲಿ ನರ್ಸಿಂಗ್ ಹೋಮ್, ಕ್ಲಿನಿಕ್, ಲ್ಯಾಬ್ ನಡೆಸುತ್ತಿರುವ ಎಲ್ಲ ವೈದ್ಯರಿಗೆ ಮತ್ತು ಮಾಲೀಕರಿಗೆ,

ಮಾನ್ಯರೇ,

ನಮಸ್ಕಾರ. ನಾನು ಕುಮಟಾ ಕಡೆಯವನು. ಸರ್ಕಾರಿ ಲ್ಯಾಬ್‌ಗಳಲ್ಲಿ ಟೆಕ್ನೀಷಿಯನ್ ಆಗಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಎಚ್‌ಐವಿ ಪರೀಕ್ಷೆಗೆ ಬಂದವರ ರಕ್ತ ತೆಗೆದು, ವರದಿ ಬರುವವರೆಗೆ ಅವರು ಬೆಂಚಿನ ಮೇಲೆ ಕೂರುವುದನ್ನು ವರ್ಷಗಟ್ಟಲೆ ನೋಡಿದವನು. ಆ ಬೆಂಚಿನ ಮೇಲೆ ನಮ್ಮ ಮನೆಯವರೇ ಕೂರುವ ದಿನ ಬಂದೀತು ಎಂದು ಮಾತ್ರ ಅಂದುಕೊಂಡಿರಲಿಲ್ಲ.

ನನ್ನ ಅಕ್ಕನ ಮಗಳು ನಿಮ್ಮಲ್ಲೊಬ್ಬರ ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ ಮಾಡುತ್ತಾಳೆ. ಯಾವ ಊರು, ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಅವಳಿಗೆ ಆ ಕೆಲಸ ಬೇಕು. ಅದೂ ಅಲ್ಲದೆ, ಅಲ್ಲಿ ಆದದ್ದು ಇನ್ನೊಂದು ಕಡೆ ಆಗುತ್ತಿರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಜೂನ್ ತಿಂಗಳ ಒಂದು ಶನಿವಾರ. ರಾತ್ರಿ ಒಂಬತ್ತೂವರೆ. ಹೊರಗೆ ಧಾರಾಕಾರ ಮಳೆ. ವಾರ್ಡಿನಲ್ಲಿ ಒಬ್ಬ ರೋಗಿಗೆ ಆಗಷ್ಟೇ ರಕ್ತನಾಳಕ್ಕೆ ಹೊಸದಾಗಿ ಇಂಟ್ರಾಕ್ಯಾತ್ ಕೊಳವೆ ಹಾಕಿದ್ದರು. ಒಳಗಿನ ಸೂಜಿಯನ್ನು ಶಾರ್ಪ್ಸ್ ಡಬ್ಬಕ್ಕೆ ಹಾಕಬೇಕಿತ್ತು. ಅದು ಹಾಸಿಗೆಯ ಮೇಲೆಯೇ ಉಳಿದಿತ್ತು. ಇವಳು ರಕ್ತ ಬಿದ್ದ ಬೆಡ್‌ಶೀಟ್ ಬದಲಿಸಲು ಹೋಗಿ ಬಟ್ಟೆ ಮುದ್ದೆ ಮಾಡಿದಾಗ ಎಡ ಅಂಗೈಗೆ ಚುಚ್ಚಿತು. ಕೈಯಲ್ಲಿ ತೆಳು ಗ್ಲೌಸ್ ಇತ್ತು. ಗ್ಲೌಸ್ ತೆಗೆದು ನೋಡಿದರೆ ಒಂದು ಹನಿ ರಕ್ತ. ಸೂಜಿಯ ತುದಿಯಲ್ಲೂ ಹಸಿ ರಕ್ತ.

ಡ್ಯೂಟಿಯಲ್ಲಿದ್ದ ಸಿಸ್ಟರ್ ಗಾಬರಿಯಾಗಿ ಅಂಗೈ ಹಿಂಡಿ ಹಿಂಡಿ ರಕ್ತ ತೆಗೆದರು. ಮೇಲೆ ಸ್ಪಿರಿಟ್ ಸುರಿದರು. ಎರಡೂ ತಪ್ಪು. ಹಿಂಡಿದರೆ ಆ ಜಾಗಕ್ಕೆ ರಕ್ತ ಇನ್ನೂ ಜಾಸ್ತಿ ನುಗ್ಗುತ್ತದೆ, ಸುತ್ತಲಿನ ಮಾಂಸಕ್ಕೆ ಪೆಟ್ಟಾಗುತ್ತದೆ. ಸ್ಪಿರಿಟ್, ಡೆಟಾಲ್, ಬ್ಲೀಚ್ ಹಾಕಿದರೆ ಚರ್ಮ ಕೆರಳುತ್ತದೆ, ಒಳಗೆ ಹೋದ ವೈರಸ್ಸಿಗೆ ಏನೂ ಆಗುವುದಿಲ್ಲ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಬೇಕು, ಅಷ್ಟೇ. ಚುಚ್ಚಿದ ಬೆರಳನ್ನು ಬಾಯಿಗೆ ಇಟ್ಟುಕೊಳ್ಳಬಾರದು. ಅದು ನಮ್ಮೆಲ್ಲರಿಗೂ ಹುಟ್ಟಿದಾಗಿನಿಂದ ಬಂದ ಚಾಳಿ, ಹಾಗಾಗಿ ಹೇಳುತ್ತಿದ್ದೇನೆ. ರಕ್ತ ಕಣ್ಣಿಗೆ ಸಿಡಿದರೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಸೋಪು ಬೇಡ.

ಆಮೇಲೆ ಡ್ಯೂಟಿ ಡಾಕ್ಟರು ಬಂದರು. ಒಳ್ಳೆಯ ಹುಡುಗ, ಬಯ್ಯಲಿಲ್ಲ. ಆದರೆ ಅವರು ಹೇಳಿದ ಮಾತೇ ಈ ಪತ್ರಕ್ಕೆ ಕಾರಣ. ‘ಎಚ್‌ಐವಿ ತಡೆಯೋ ಮಾತ್ರೆ ಶುರುಮಾಡೋಕೆ ಎಪ್ಪತ್ತೆರಡು ಗಂಟೆ ಟೈಮ್ ಇದೆ. ಮಂಗಳವಾರ ರಾತ್ರಿವರೆಗೂ ಆಯ್ತು. ಸೋಮವಾರ ಲ್ಯಾಬ್ ಓಪನ್ ಆಗಲಿ, ನಿನ್ನ ರಕ್ತ ಟೆಸ್ಟ್ ಮಾಡೋಣ, ನೆಗೆಟಿವ್ ಬಂದ್ರೆ ಚಿಂತೆ ಇಲ್ಲ.’

ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ಎರಡೂ ಓದಿದವರೇ ಮಾಡುವ ತಪ್ಪುಗಳು. ನಿಮ್ಮ ಹತ್ತಿರ ಇದನ್ನೇ ಸಾವಧಾನವಾಗಿ ಮಾತಾಡಬೇಕು ಎಂದು ಕುಳಿತಿದ್ದೇನೆ.

ಮೊದಲು ಆ 72 ಗಂಟೆ. ಸೂಜಿಯ ಜೊತೆ ಎಚ್‌ಐವಿ ಒಳಗೆ ಹೋಯಿತು ಅಂತಲೇ ಇಟ್ಟುಕೊಳ್ಳಿ. ಅದು ತಕ್ಷಣ ಮೈಯೆಲ್ಲ ಹರಡುವುದಿಲ್ಲ. ಮೊದಲು ಚುಚ್ಚಿದ ಜಾಗದ ಸುತ್ತಲಿನ ಕೆಲವೇ ಜೀವಕೋಶಗಳಿಗೆ ಅಂಟುತ್ತದೆ. ಅಲ್ಲಿಂದ ನಮ್ಮದೇ ಕಾವಲಿನ ಕೋಶಗಳು ಅದನ್ನು ಹೊತ್ತು ಹತ್ತಿರದ ಹಾಲ್ರಸ ಗ್ರಂಥಿಗೆ, ಅಂದರೆ ಕಂಕುಳದಲ್ಲಿ ಗಡ್ಡೆ ಏಳುತ್ತದಲ್ಲ, ಆ ಜಾಗಕ್ಕೆ ಒಯ್ಯುತ್ತವೆ. ಇದಕ್ಕೆ ಸುಮಾರು ಎರಡು ಮೂರು ದಿನ ಹಿಡಿಯುತ್ತದೆ. ಅಲ್ಲಿ ಬೆಳೆದು ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಒಮ್ಮೆ ನಮ್ಮ ಜೀವಕೋಶದ ಡಿಎನ್‌ಎ ಒಳಗೆ ವೈರಸ್ ತನ್ನ ಪ್ರತಿಯನ್ನು ಹೊಲಿದುಬಿಟ್ಟು ಆ ಕೋಶಗಳು ಉಳಿದುಕೊಂಡವು ಎಂದರೆ, ಅದನ್ನು ಬಿಚ್ಚುವ ಔಷಧಿ ಇವತ್ತಿಗೂ ಕೈಗೆ ಬಂದಿಲ್ಲ.

ಪೆಪ್ ಎಂದು ಆಸ್ಪತ್ರೆಯಲ್ಲಿ ಕರೆಯುವ ಈ ತುರ್ತು ಮಾತ್ರೆಗಳು ಆ ಹೊಲಿಗೆಗೆ ಮುಂಚೆಯೇ ಅಡ್ಡ ನಿಲ್ಲುತ್ತವೆ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಎಂಬ ಎರಡು ಔಷಧಿಗಳು ವೈರಸ್ ತನ್ನ ಪ್ರತಿ ಮಾಡಿಕೊಳ್ಳದಂತೆ ತಡೆಯುತ್ತವೆ. ಡೊಲುಟೆಗ್ರಾವಿರ್ ಎಂಬುದು ಆ ಪ್ರತಿಯನ್ನು ನಮ್ಮ ಡಿಎನ್‌ಎಗೆ ಸೇರಿಸದಂತೆ ತಡೆಯುತ್ತದೆ. ಮೂರೂ ಸೇರಿ ಈಗ ಒಂದೇ ಮಾತ್ರೆ. ದಿನಕ್ಕೆ ಒಂದು, 28 ದಿನ.

ನಮ್ಮ ಅಘನಾಶಿನಿಯ ಗಜನಿ ಗದ್ದೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಟ್ಟೆಯಲ್ಲಿ ಬಿರುಕು ಬಿಟ್ಟು ಉಪ್ಪುನೀರು ಒಸರತೊಡಗಿದರೆ, ಮಣ್ಣು ಹಾಕುವುದು ಆಗಲೇ. ಉಬ್ಬರ ಬರಲು ಇನ್ನೂ ಆರು ತಾಸಿದೆ ಎಂದು ಮನೆಯಲ್ಲಿ ಚಾ ಕುಡಿಯುತ್ತ ಕೂತವನ ಗದ್ದೆಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತವೂ ಉಳಿಯುವುದಿಲ್ಲ.

72 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದೂ ಗೊತ್ತಿರಲಿ. ಮನುಷ್ಯರಿಗೆ ಬೇಕೆಂದೇ ವೈರಸ್ ಚುಚ್ಚಿ ನೋಡುವುದು ಸಾಧ್ಯವಿಲ್ಲವಲ್ಲ. ಹಾಗಾಗಿ ಮಂಗಗಳ ಮೇಲೆ ನೋಡಿದರು. ಮಂಗ ಅಂದಕೂಡಲೇ ನಮ್ಮ ಜಿಲ್ಲೆಯವರಿಗೆ ಮಂಗನ ಕಾಯಿಲೆ ನೆನಪಾಗುತ್ತದೆ. ಇದು ಬೇರೆ, ಎಚ್‌ಐವಿಯ ದಾಯಾದಿಯಂಥ ಮಂಗಗಳ ವೈರಸ್. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇದೇ ಟೆನೊಫೊವಿರ್ ಕೊಟ್ಟು ನೋಡಿದ್ದರು. 24 ಗಂಟೆಗೆ ಶುರುಮಾಡಿ 28 ದಿನ ಕೊಟ್ಟ ಮಂಗಗಳಲ್ಲಿ ಒಂದಕ್ಕೂ ಸೋಂಕು ನಿಲ್ಲಲಿಲ್ಲ. 48 ಗಂಟೆ, 72 ಗಂಟೆ ತಡ ಮಾಡಿದಾಗ ಕೆಲವು ಉಳಿದವು, ಕೆಲವು ಉಳಿಯಲಿಲ್ಲ. ಬೇಗ ಶುರುಮಾಡಿದರೂ ಮೂರೇ ದಿನಕ್ಕೆ ಔಷಧಿ ನಿಲ್ಲಿಸಿದ ಮಂಗಗಳಲ್ಲಿ ಒಂದೂ ಉಳಿಯಲಿಲ್ಲ. ಸ್ವಾಮಿ, ಆ ಡಾಕ್ಟರು ‘ಮಂಗಳವಾರ ರಾತ್ರಿವರೆಗೂ ಆಯ್ತು’ ಎಂದಾಗ ನನ್ನ ಅಕ್ಕನ ಮಗಳನ್ನು ಕೂರಿಸಿದ್ದು ಆ ‘ಕೆಲವು’ ಎಂಬ ಸಾಲಿನಲ್ಲಿ.

72 ಗಂಟೆ ದಾಟಿದ ಮೇಲೆ ಸಾಮಾನ್ಯವಾಗಿ ಪೆಪ್ ಕೊಡುವುದಿಲ್ಲ, ಯಾಕೆಂದರೆ ಆ ಹೊತ್ತಿಗೆ ಉಪಯೋಗ ತೀರಾ ಕಡಿಮೆ. ಆದರೆ 71ನೇ ಗಂಟೆ ಮತ್ತು 2ನೇ ಗಂಟೆ ಒಂದೇ ಅಲ್ಲ. ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿಯಲ್ಲೂ ಮೊದಲ ಮಾತ್ರೆ ಆದಷ್ಟು ಬೇಗ, ಸಾಧ್ಯವಾದರೆ 2 ಗಂಟೆಯ ಒಳಗೆ ಎಂದೇ ಇದೆ. ಕಡೇ ಬಸ್ಸು ಹತ್ತು ಗಂಟೆಗೆ ಇದ್ದರೆ ಏಳು ಗಂಟೆಯ ಬಸ್ಸನ್ನು ಯಾರೂ ಬೇಕೆಂದೇ ಬಿಡುವುದಿಲ್ಲ. ನಮ್ಮ ಜಿಲ್ಲೆಯಲ್ಲಂತೂ ಕಡೇ ಬಸ್ಸು ಬರುತ್ತದೆ ಎಂಬ ಖಾತ್ರಿಯೇ ಇಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟು ದಿನ ಬಂದಾಗಿತ್ತು, ನೆನಪಿದೆಯಲ್ಲ? ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತುವವನಿಗೆ ಬೆಳಗ್ಗೆ ಹೋದ ದಾರಿಯಲ್ಲಿ ಸಂಜೆ ಮರಳುತ್ತೇನೆ ಎಂಬ ಭರವಸೆ ಇರುವುದಿಲ್ಲ. ಇಂಥ ಕಡೆ ಕೂತು ‘ಇನ್ನೂ ಎರಡು ದಿನ ಇದೆ’ ಎಂದು ಹೇಗೆ ಹೇಳುತ್ತೀರಿ?

ಎರಡನೆಯ ತಪ್ಪು, ‘ನಿನ್ನ ರಕ್ತ ನೆಗೆಟಿವ್ ಬಂದರೆ ಚಿಂತೆ ಇಲ್ಲ’ ಎಂಬುದು. ಇದನ್ನು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಶನಿವಾರ ಚುಚ್ಚಿದ ಸೂಜಿಯ ಸುದ್ದಿ ಸೋಮವಾರದ ರಕ್ತದಲ್ಲಿ ಸಿಗುವುದೇ ಇಲ್ಲ. ನಾವು ಮಾಡುವ ಸಾಮಾನ್ಯ ಪರೀಕ್ಷೆ ಮುಖ್ಯವಾಗಿ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಅವು ಕಾಣಿಸಿಕೊಳ್ಳಲು ವಾರಗಳು ಬೇಕು, ಕೆಲವರಲ್ಲಿ ಮೂರು ತಿಂಗಳು. ಮೊದಲ ದಿನದ ನೆಗೆಟಿವ್ ಹೇಳುವುದು ಒಂದೇ ಮಾತು: ಈ ಸೂಜಿ ಚುಚ್ಚುವ ಮುಂಚೆ ಇವಳಿಗೆ ಸೋಂಕು ಇರಲಿಲ್ಲ. ಆ ದಾಖಲೆ ಬೇಕೇ ಬೇಕು. ಮುಂದೆ ಏನಾದರೂ ಆದರೆ ಅದು ಕೆಲಸದಲ್ಲೇ ಬಂದದ್ದು ಎಂದು ತೋರಿಸಲು ಅದೊಂದೇ ಆಧಾರ. ಆದರೆ ಅದಕ್ಕಾಗಿ ಮಾತ್ರೆ ಕಾಯಬಾರದು. ಮೊದಲು ಮಾತ್ರೆ, ಆಮೇಲೆ ರಕ್ತ.

ಹಾಗಾದರೆ ಯಾರ ರಕ್ತದ ವರದಿಯಿಂದ ಉಪಯೋಗ? ಆ ಸೂಜಿ ಯಾರಿಗೆ ಹಾಕಿದ್ದೋ ಅವರದ್ದು. ಅವರಿಗೆ ವಿಷಯ ತಿಳಿಸಿ, ಒಪ್ಪಿಗೆ ಪಡೆದು ಪರೀಕ್ಷೆ ಮಾಡಿ ಸೋಂಕಿಲ್ಲ ಎಂದು ಖಚಿತವಾದರೆ ಮಾತ್ರೆ ನಿಲ್ಲಿಸಬಹುದು. ಶನಿವಾರ ರಾತ್ರಿ ಆ ರೋಗಿ ಅಲ್ಲೇ ಹಾಸಿಗೆಯಲ್ಲಿದ್ದರು. ಯಾರೂ ಕೇಳಲಿಲ್ಲ. ಭಾನುವಾರ ಬೆಳಗ್ಗೆ ಡಿಸ್ಚಾರ್ಜ್ ಮಾಡಿ ಕಳಿಸಿದರು. ಹತ್ತು ನಿಮಿಷದ ಮಾತು ಆಡದೇ ಹೋದದ್ದಕ್ಕೆ ನಮ್ಮ ಹುಡುಗಿ ಆರು ತಿಂಗಳು ಕಾದಳು. ಕೇಳದೆ, ಗುಟ್ಟಾಗಿ, ಲ್ಯಾಬಿನಲ್ಲಿ ಉಳಿದ ರಕ್ತದಲ್ಲಿ ಪರೀಕ್ಷೆ ಮಾಡಿಬಿಡಿ ಎಂದು ನಾನು ಹೇಳುತ್ತಿಲ್ಲ. ಅದು ಕಾನೂನಿಗೆ ವಿರುದ್ಧ. ಆ ರೋಗಿಗೂ ಮರ್ಯಾದೆ ಇದೆ.

ಭಾನುವಾರ ಸಂಜೆ ಆರು ಗಂಟೆಗೆ ಅವಳ ಫೋನು ಬಂತು. ‘ಮಾವ, ಒಂದ್ ವಿಷ್ಯ ಹೇಳ್ಬೇಕಿತ್ತು. ಮನೆಲಿ ಯಾರಿಗೂ ಹೇಳ್ಬೇಡ.’ ಆಗಲೇ ಇಪ್ಪತ್ತೂವರೆ ಗಂಟೆ ಕಳೆದಿತ್ತು. ಪಕ್ಕದ ಮನೆಯವರ ಓಮ್ನಿ ತೆಗೆದುಕೊಂಡು ಹೊರಟೆ. ಹತ್ತಿರದ ಒಂದು ಆಸ್ಪತ್ರೆಯ ಕ್ಯಾಶುಯಲ್ಟಿಯಲ್ಲಿ ‘ಕೌನ್ಸೆಲರ್ ನಾಳೆ ಬರ್ತಾರೆ’ ಎಂದರು. ಎರಡು ಮೆಡಿಕಲ್ ಶಾಪಿನಲ್ಲಿ ಆ ಮಾತ್ರೆಯೇ ಇರಲಿಲ್ಲ. ಒಬ್ಬ ಅಂಗಡಿಯವ ಚೀಟಿ ಇಲ್ಲದೆ ಯಾಕೆ ಕೇಳುತ್ತೀರಿ ಎನ್ನುತ್ತ ಅವಳನ್ನು ಮೇಲಿನಿಂದ ಕೆಳಗೆ ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. ಕೊನೆಗೆ ಇನ್ನೊಂದು ದೊಡ್ಡ ಆಸ್ಪತ್ರೆಯ ಕ್ಯಾಶುಯಲ್ಟಿಯಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಾಲ್ಕೇ ಪ್ರಶ್ನೆ ಕೇಳಿದರು. ಯಾವಾಗ ಚುಚ್ಚಿತು? ಎಂಥ ಸೂಜಿ, ಪೊಳ್ಳು ಇತ್ತೋ ಗಟ್ಟಿ ಇತ್ತೋ? ರಕ್ತ ಕಾಣುತ್ತಿತ್ತಾ? ಕಿಡ್ನಿ ತೊಂದರೆ, ಬೇರೆ ಮಾತ್ರೆ ಏನಾದರೂ ಇದೆಯಾ? ಅಷ್ಟು ಕೇಳಿ ಕಪಾಟು ತೆರೆದು ಮಾತ್ರೆ ಕೈಗಿಟ್ಟರು. ರಾತ್ರಿ ಹನ್ನೊಂದೂವರೆ. ಚುಚ್ಚಿ 26 ಗಂಟೆ. ರಕ್ತ ಆಮೇಲೆ ತೆಗೆದರು.

ಅವರು ಕೇಳಿದ ಎರಡನೆಯ ಮತ್ತು ಮೂರನೆಯ ಪ್ರಶ್ನೆಯಲ್ಲಿ ಬಹಳ ತಿಳಿವಳಿಕೆ ಇದೆ. ಹೊಲಿಗೆ ಹಾಕುವ ಗಟ್ಟಿ ಸೂಜಿಗಿಂತ ಪೊಳ್ಳು ಸೂಜಿಯಲ್ಲಿ ರಕ್ತ ಜಾಸ್ತಿ ಕೂರುತ್ತದೆ. ರಕ್ತನಾಳದೊಳಗೆ ಹೋಗಿ ಬಂದ ಸೂಜಿ, ಕಣ್ಣಿಗೆ ಕಾಣುವ ರಕ್ತ, ಆಳದ ಗಾಯ, ಇವು ಅಪಾಯ ಹೆಚ್ಚಿಸುತ್ತವೆ. ಬೆವರು, ಕಣ್ಣೀರು, ಎಂಜಲು, ಮೂತ್ರ ಚರ್ಮಕ್ಕೆ ತಾಗಿದರೆ, ಅದರಲ್ಲಿ ರಕ್ತ ಇಲ್ಲದಿದ್ದರೆ, ಪೆಪ್ ಬೇಕಾಗುವುದಿಲ್ಲ. ಎಲ್ಲದಕ್ಕೂ ಮಾತ್ರೆ ನುಂಗಿಸಿ ಎಂದು ನಾನು ಹೇಳುತ್ತಿಲ್ಲ.

ಪ್ರಾಮಾಣಿಕವಾಗಿ ಇನ್ನೊಂದು ಮಾತೂ ಹೇಳಬೇಕು. ಎಚ್‌ಐವಿ ಇರುವವರ ರಕ್ತ ತಾಗಿದ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸಾವಿರಕ್ಕೆ ಸುಮಾರು ಮೂವರಿಗೆ. ಅವರು ಸರಿಯಾಗಿ ಮಾತ್ರೆ ತೆಗೆದುಕೊಂಡು ವೈರಸ್ ಹತೋಟಿಯಲ್ಲಿದ್ದರೆ ಇನ್ನೂ ಕಡಿಮೆ. ಹೆದರಿ ಸಾಯುವ ಅಗತ್ಯವಿಲ್ಲ. ಇದನ್ನು ಆ ರಾತ್ರಿಯೇ ಯಾರಾದರೂ ಅವಳಿಗೆ ಹೇಳಿದ್ದರೆ ಒಂದು ದಿನದ ನಿದ್ದೆ ಉಳಿಯುತ್ತಿತ್ತು. ಆದರೆ ‘ಸಾವಿರಕ್ಕೆ ಮೂರು’ ಎಂದು ಹೇಳಿ ಮಾತ್ರೆ ಕೊಡದಿರುವುದೂ ಸಲ್ಲ. 1997ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಸೂಜಿ ಚುಚ್ಚಿಸಿಕೊಂಡ ಆಸ್ಪತ್ರೆ ಸಿಬ್ಬಂದಿ ಹಳೆಯ ಜಿಡೊವುಡಿನ್ ಒಂದನ್ನೇ ತೆಗೆದುಕೊಂಡಿದ್ದರೂ ಅಪಾಯ ಶೇ. 81ರಷ್ಟು ಇಳಿದಿತ್ತು.

ಎಚ್‌ಐವಿಯ ಗಲಾಟೆಯಲ್ಲಿ ಹೆಪಟೈಟಿಸ್ ಬಿ ಮರೆತೇ ಹೋಗುತ್ತದೆ. ಲಸಿಕೆ ಆಗದವರಿಗೆ ಅದು ಸೂಜಿಯಿಂದ ತಗಲುವ ಸಾಧ್ಯತೆ, ರೋಗಿಯ ರಕ್ತದಲ್ಲಿ ವೈರಸ್ ಹೆಚ್ಚಿದ್ದರೆ, ನೂರಕ್ಕೆ 30ರವರೆಗೂ ಹೋಗುತ್ತದೆ. ನಮ್ಮ ಹುಡುಗಿಗೆ ಕೆಲಸಕ್ಕೆ ಸೇರುವಾಗ ಒಂದು ಡೋಸ್ ಕೊಟ್ಟು ಕೈಬಿಟ್ಟಿದ್ದರು. ಮೂರು ಡೋಸ್ ಆಗಬೇಕು. ಉಳಿದದ್ದನ್ನು ಈ ಘಟನೆಯ ನಂತರ ಕೊಡಿಸಿದೆವು. ಇನ್ನೂ ಒಂದು ವಿಷಯ. ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಹೆಪಟೈಟಿಸ್ ಬಿ ಮೇಲೂ ಕೆಲಸ ಮಾಡುತ್ತವೆ. ಮೊದಲೇ ಆ ಸೋಂಕು ಇದ್ದವರು 28 ದಿನ ತಿಂದು ಥಟ್ಟನೆ ನಿಲ್ಲಿಸಿದರೆ ಲಿವರ್ ಕೆರಳಬಹುದು. ಅದಕ್ಕೇ ಮೊದಲ ದಿನದ ರಕ್ತದಲ್ಲಿ ಎಚ್‌ಐವಿ ಜೊತೆಗೆ ಹೆಪಟೈಟಿಸ್ ಬಿ, ಸಿ, ಕಿಡ್ನಿಯ ಕ್ರಿಯಾಟಿನಿನ್, ಲಿವರಿನ ಪರೀಕ್ಷೆ ಎಲ್ಲವನ್ನೂ ನೋಡುವುದು.

ಇನ್ನು ಆ 28 ದಿನ. ಮೊದಲ ಮಾತ್ರೆ ಸಿಕ್ಕರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಅದು ನನ್ನ ತಪ್ಪು. ಮೊದಲ ವಾರ ವಾಕರಿಕೆ, ತಲೆನೋವು. ರಾತ್ರಿ ತೆಗೆದುಕೊಂಡರೆ ನಿದ್ದೆ ಬರುತ್ತಿರಲಿಲ್ಲ. ಡಾಕ್ಟರನ್ನು ಕೇಳಿ ಬೆಳಗಿನ ಹೊತ್ತಿಗೆ ಬದಲಾಯಿಸಿದೆವು. ಅವಳು ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ತಿನ್ನುತ್ತಿದ್ದಳು. ಕಬ್ಬಿಣ, ಕ್ಯಾಲ್ಸಿಯಂ, ಗ್ಯಾಸಿಗೆ ತಿನ್ನುವ ಆಂಟಾಸಿಡ್, ಇವು ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಅನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತದಂತೆ ಮಾಡುತ್ತವೆ. ಪೆಪ್ ಮಾತ್ರೆಯನ್ನು ಅವಕ್ಕಿಂತ 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ತೆಗೆದುಕೊಳ್ಳಬೇಕು. ವಾಕರಿಕೆ ಆದಾಗ ನಮ್ಮವರು ಮೊದಲು ಹುಡುಕುವುದೇ ಗ್ಯಾಸಿನ ಮಾತ್ರೆಯನ್ನು. ಹೀಗಾಗಿ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಒಂಬತ್ತನೇ ದಿನ ಅವಳು ನಿಲ್ಲಿಸಿಬಿಡುತ್ತೇನೆ ಎಂದಳು. ಕಾರಣ ವಾಕರಿಕೆ ಅಲ್ಲ, ಅತ್ತೆ. ಅತ್ತೆ ಡಬ್ಬಿ ನೋಡಿ ‘ಇದೆಂಥ ಮಾತ್ರೆ’ ಎಂದು ಪಕ್ಕದ ಮನೆಯ ಹುಡುಗನ ಹತ್ತಿರ ಓದಿಸಿದ್ದರು. ಅವನು ಮೊಬೈಲಿನಲ್ಲಿ ಹುಡುಕಿ ‘ಏಡ್ಸ್ ಮಾತ್ರೆ’ ಎಂದ. ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ನಾನು ಬರೆಯುವುದಿಲ್ಲ. ನಾನೇ ಹೋಗಿ ಅತ್ತೆಯನ್ನು ಕೂರಿಸಿ ಹೇಳಿದೆ. ‘ನಾಯಿ ಕಚ್ಚಿದ ಮೇಲೆ ಇಂಜೆಕ್ಷನ್ ತಗೊಂಡವರಿಗೆ ಹುಚ್ಚು ಹಿಡಿದಿದೆ ಎನ್ನುತ್ತೀರಾ ಅಕ್ಕ? ಇದೂ ಹಾಗೇ. ಬರಬಾರದು ಅಂತ ತಿನ್ನೋದು.’ ಅವರಿಗೆ ಅರ್ಥವಾಯಿತು. ಆದರೆ ಈ ಮಾತು ಹೇಳುವುದು ಮಾವನ ಕೆಲಸವಾಗಬಾರದಿತ್ತು. ಅವಳನ್ನು ಕೆಲಸಕ್ಕಿಟ್ಟುಕೊಂಡವರು, ಇಲ್ಲವೇ ಒಬ್ಬ ಆಪ್ತ ಸಮಾಲೋಚಕರು, ಮೊದಲ ದಿನವೇ ಮನೆಯವರಿಗೆ ಹೇಗೆ ಹೇಳಬೇಕೆಂದು ತಿಳಿಸಿಕೊಡಬಹುದಿತ್ತು.

ಡಬ್ಬಿಯಲ್ಲಿ ಮೂವತ್ತು ಮಾತ್ರೆ ಇರುತ್ತವೆ. ಇಪ್ಪತ್ತೆಂಟನೆಯದು ಮುಗಿದ ದಿನ ಉಳಿದ ಎರಡನ್ನು ಏನು ಮಾಡಲಿ ಎಂದು ಕೇಳಿದಳು. ವಾಪಸ್ ಕೊಟ್ಟು ಬಂದೆವು.

ಈಗ ಪರೀಕ್ಷೆಗಳ ವಿಷಯ. ಇದು ನನ್ನದೇ ಕಸುಬು, ಸ್ವಲ್ಪ ಜಾಸ್ತಿ ಹೇಳಿದರೆ ತಾಳಿಕೊಳ್ಳಿ. ನಮ್ಮ ದೇಶದ ಮಾರ್ಗಸೂಚಿಯಂತೆ ಮೊದಲ ದಿನದ ಪರೀಕ್ಷೆಯ ನಂತರ ಆರನೇ ವಾರ, ಮೂರನೇ ತಿಂಗಳು, ಆರನೇ ತಿಂಗಳು ಮತ್ತೆ ನೋಡಬೇಕು. ಲೆಕ್ಕ ಚುಚ್ಚಿದ ದಿನದಿಂದ. ಆರನೇ ವಾರದ ಹೊತ್ತಿಗೆ ಮಾತ್ರೆ ನಿಲ್ಲಿಸಿ ಎರಡೇ ವಾರ ಆಗಿರುತ್ತದೆ. ಅಕಸ್ಮಾತ್ ಸೋಂಕು ತಗಲಿದ್ದರೂ, ಮಾತ್ರೆ ಅದನ್ನು ಅಷ್ಟು ದಿನ ಅದುಮಿಟ್ಟಿದ್ದರೆ ಪ್ರತಿಕಾಯ ಹುಟ್ಟುವುದು ತಡವಾಗಬಹುದು. ಹಾಗಾಗಿ ಆರನೇ ವಾರದ ನೆಗೆಟಿವ್ ಸಮಾಧಾನದ ಸುದ್ದಿ, ಕೊನೆಯ ಸುದ್ದಿ ಅಲ್ಲ. ನಾನು ಕೆಲಸದಲ್ಲಿದ್ದಾಗ ಕಂಡದ್ದು ಇದನ್ನೇ: ಆರನೇ ವಾರಕ್ಕೆ ಬಂದವರು ಮೂರನೇ ತಿಂಗಳಿಗೆ ಬರುತ್ತಿರಲಿಲ್ಲ. ಬರಬೇಕು ಎಂದು ಅವರಿಗೆ ಯಾರೂ ನೆನಪು ಮಾಡುತ್ತಿರಲಿಲ್ಲ. ಈ ಪೂರ್ತಿ ಅವಧಿಯಲ್ಲಿ ರಕ್ತದಾನ ಮಾಡಬಾರದು, ಗಂಡ ಹೆಂಡತಿ ಕಾಂಡೋಮ್ ಬಳಸಬೇಕು. ಇದನ್ನೂ ಆಯಾಗಳಿಗೆ ಹೇಳಲು ಎಲ್ಲರಿಗೂ ನಾಚಿಕೆ.

ಐದನೇ ವಾರ ಅವಳಿಗೆ ಜ್ವರ ಬಂತು, ಗಂಟಲು ನೋವು. ಎಚ್‌ಐವಿ ಹೊಸದಾಗಿ ತಗಲಿದವರಲ್ಲಿ ಎರಡರಿಂದ ಆರು ವಾರದೊಳಗೆ ಜ್ವರ, ಗಂಟಲು ನೋವು, ಮೈಮೇಲೆ ದದ್ದು, ಗಂಟು ಊದುವುದು ಆಗಬಹುದು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಕರಾವಳಿಯ ಜುಲೈ ತಿಂಗಳು ಸ್ವಾಮಿ! ಓಣಿಯಲ್ಲಿ ಮನೆಗೊಬ್ಬರಿಗೆ ಜ್ವರ. ಆದರೆ ಅವಳಿಗೆ ಅದು ಓಣಿಯ ಜ್ವರವಾಗಿರಲಿಲ್ಲ. ಇಂಥ ಹೊತ್ತಲ್ಲಿ ಆರನೇ ವಾರ ಬರಲಿ ಎಂದು ಕಾಯಬಾರದು, ತಕ್ಷಣ ಹೋಗಿ ತೋರಿಸಬೇಕು. ಹೋದೆವು. ಪರೀಕ್ಷೆ ನೆಗೆಟಿವ್, ಜ್ವರ ನಾಲ್ಕು ದಿನಕ್ಕೆ ಇಳಿಯಿತು. ಆರನೇ ವಾರವೂ ನೆಗೆಟಿವ್. ಮೂರನೇ ತಿಂಗಳೂ. ಆರನೆಯದು ಹೋದ ವಾರ ಮುಗಿಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಅವಳ ಅನುಮತಿ ಪಡೆದು ಬರೆಯುತ್ತಿದ್ದೇನೆ.

ಮಾನ್ಯರೇ, ನಾನು ಕೇಳುತ್ತಿರುವುದು ದಯೆ ಅಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 19ನೇ ಕಲಂ ಹೇಳುವುದಿಷ್ಟು: ಆರೋಗ್ಯ ಸೇವೆ ಕೊಡುವ ಪ್ರತಿ ಸಂಸ್ಥೆ, ಕೆಲಸದಲ್ಲಿ ಎಚ್‌ಐವಿ ತಾಗುವ ಸಾಧ್ಯತೆ ಇರುವ ತನ್ನಲ್ಲಿಯ ಎಲ್ಲರಿಗೂ ಸುರಕ್ಷಾ ಸಾಧನ, ಅದರ ತರಬೇತಿ ಮತ್ತು ಪೆಪ್ ಒದಗಿಸಬೇಕು. ಇಂಥದ್ದು ಇದೆ ಎಂದು ಅವರಿಗೆ ತಿಳಿಸಲೂಬೇಕು. ಆ ಕಲಮಿನಲ್ಲಿ ಡಾಕ್ಟರು, ನರ್ಸು ಎಂದಷ್ಟೇ ಇಲ್ಲ. ಗುಡಿಸುವವರು, ಬಟ್ಟೆ ಒಗೆಯುವವರು, ಕಸ ಹೊರುವವರು ಎಲ್ಲರೂ ಅದರೊಳಗೆ ಬರುತ್ತಾರೆ. ನಮ್ಮ ಹುಡುಗಿಗೆ ಪೆಪ್ ಎಂಬ ಶಬ್ದವನ್ನು ಮೊದಲು ಹೇಳಿದವನು ನಾನು. ಅದೂ 21ನೇ ಗಂಟೆಯಲ್ಲಿ.

ಹಾಗಾಗಿ ಕೆಲವು ಬೇಡಿಕೆಗಳು. ನಿಮ್ಮ ನರ್ಸಿಂಗ್ ಹೋಮಿನಲ್ಲಿ ಕನಿಷ್ಠ ಮೊದಲ ಕೆಲವು ದಿನಕ್ಕಾಗುವಷ್ಟು ಮಾತ್ರೆ ಇರಲಿ. ಇಡಲು ಆಗದಿದ್ದರೆ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ರಾತ್ರಿಯೂ ಸಿಗುತ್ತದೆ ಎಂದು ಇಂದೇ ವಿಚಾರಿಸಿ, ಆ ಆಸ್ಪತ್ರೆಯ ನಂಬರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಬಟ್ಟೆ ಒಗೆಯುವ ಕೋಣೆಯಲ್ಲಿ ಅಂಟಿಸಿ. ಎಂಡಿಯವರ ಕೋಣೆಯಲ್ಲಿ ಅಲ್ಲ. ಸೂಜಿ ಚುಚ್ಚಿಸಿಕೊಂಡವರನ್ನು ನಿಮ್ಮದೇ ಗಾಡಿಯಲ್ಲಿ ಕಳಿಸಿ. ಸೂಜಿ ಯಾರದ್ದು ಎಂದು ಗೊತ್ತಿದ್ದರೆ ಆ ರೋಗಿಯ ಜೊತೆ ಡಿಸ್ಚಾರ್ಜಿಗೆ ಮುಂಚೆ ಮಾತಾಡಿ, ಒಪ್ಪಿದರೆ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಮೊದಲು ಅವರಿಗೇ ಹೇಳಿ. ಘಟನೆ ನಡೆದ ಗಂಟೆ, ನಿಮಿಷವನ್ನು ರಿಜಿಸ್ಟರಿನಲ್ಲಿ ಬರೆದು ಒಂದು ಪ್ರತಿ ಆ ಕೆಲಸಗಾರ್ತಿಯ ಕೈಗೆ ಕೊಡಿ. ನಮಗೆ ಅದು ಈವರೆಗೂ ಸಿಕ್ಕಿಲ್ಲ. ಮೂರನೇ ತಿಂಗಳು, ಆರನೇ ತಿಂಗಳ ತಾರೀಖನ್ನು ನಿಮ್ಮ ಆಫೀಸಿನವರೇ ನೆನಪಿಟ್ಟು ಫೋನ್ ಮಾಡಲಿ, ಆ ದಿನದ ಪಗಾರ ಹಿಡಿಯಬೇಡಿ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಕೆಲಸಕ್ಕೆ ಸೇರಿದ ವರ್ಷವೇ ಮುಗಿಸಿ.

ಇನ್ನೊಂದು ವಿನಂತಿ. ನಿಮ್ಮ ಕ್ಯಾಶುಯಲ್ಟಿಗೆ ಸೂಜಿಯ ಕಥೆ ಇಲ್ಲದವರೂ ಬರುತ್ತಾರೆ. ಕಾಂಡೋಮ್ ಹರಿದವರು, ಬಲಾತ್ಕಾರಕ್ಕೆ ಒಳಗಾದವರು. ಅವರಿಗೂ ಇದೇ ಮಾತ್ರೆ, ಇದೇ ಗಡಿಯಾರ, ಇದೇ ಪರೀಕ್ಷೆಗಳು. ಬಲಾತ್ಕಾರಕ್ಕೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕೆಂಬ ಕಾನೂನಿದೆ. ‘ಯಾಕೆ ಹೋಗಿದ್ದೆ, ಯಾರ ಜೊತೆ’ ಎಂಬ ವಿಚಾರಣೆಗೆ ಒಂದು ಗಂಟೆ ಕಳೆದರೆ, ಕಳೆದದ್ದು ಅವರ ಗಂಟೆ. ರಾತ್ರಿ ಎಲ್ಲಿ ಹೋಗಬೇಕೆಂದು ತಿಳಿಯದವರಿಗೆ 1097 ಎಂಬ ಉಚಿತ ಸಹಾಯವಾಣಿಯ ನಂಬರನ್ನಾದರೂ ಕೊಡಿ.

ಈ ಪತ್ರಕ್ಕೆ ನಿಮ್ಮಿಂದ ಉದ್ದ ಉತ್ತರ ಬೇಡ. ಒಂದೇ ಪ್ರಶ್ನೆಗೆ ಉತ್ತರ ಸಾಕು. ಇವತ್ತು ರಾತ್ರಿ ಎರಡು ಗಂಟೆಗೆ ನಿಮ್ಮ ವಾರ್ಡಿನ ಆಯಾಗೆ ಸೂಜಿ ಚುಚ್ಚಿದರೆ, ಮಾತ್ರೆಯ ಕಪಾಟಿನ ಕೀಲಿ ಯಾರ ಹತ್ತಿರ ಇರುತ್ತದೆ? ಆ ಹೆಸರನ್ನು ನನಗಲ್ಲ, ಅವಳಿಗೆ ತಿಳಿಸಿ.

ಇಂತಿ,
ನಿಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ಕುಮಟಾ ತಾಲೂಕು